ನಾಲಿಗೆಗೆ ಸಿಗದ ಉಪ್ಪು

ಇಪ್ಪತ್ತು ಗ್ರಾಂ ತೂಗುವ ಆಲೂಗಡ್ಡೆ ಚಿಪ್ಸ್‌ನ ಸಣ್ಣ ಪೊಟ್ಟಣ ಒಂದು ಕಡೆ, ಎರಡು ಹೋಳು ಬ್ರೆಡ್ ಇನ್ನೊಂದು ಕಡೆ. ಉಪ್ಪು ಯಾವುದರಲ್ಲಿ ಹೆಚ್ಚು ಅಂತ ಕೇಳಿದರೆ ಯಾರಾದರೂ ಚಿಪ್ಸ್ ಕಡೆಗೇ ಕೈ ತೋರಿಸುತ್ತಾರೆ. ಪೊಟ್ಟಣದ ಹಿಂಬದಿ ಓದಿದರೆ ಲೆಕ್ಕ ಸಾಮಾನ್ಯವಾಗಿ ತಿರುವುಮುರುವು. ಚಿಪ್ಸ್‌ನಲ್ಲಿ ನೂರು ಗ್ರಾಂಗೆ 600 ಮಿಲಿಗ್ರಾಂ ಸೋಡಿಯಂ ಇದೆ ಎಂದುಕೊಂಡರೆ ಆ ಸಣ್ಣ ಪೊಟ್ಟಣದಲ್ಲಿ ಇರುವುದು 120. ಬ್ರೆಡ್‌ನಲ್ಲಿ ನೂರು ಗ್ರಾಂಗೆ 480 ಇದ್ದರೂ, ತಲಾ 25 ಗ್ರಾಂ ತೂಗುವ ಎರಡು ಹೋಳಿನಲ್ಲಿ 240 ಆಯಿತು. ಚಿಪ್ಸ್‌ನ ಎರಡರಷ್ಟು.

ನಾಲಿಗೆ ಮೋಸ ಹೋಗುವುದಕ್ಕೆ ಕಾರಣವಿದೆ. ಚಿಪ್ಸ್‌ನ ಉಪ್ಪು ಮೇಲ್ಮೈಯಲ್ಲೇ ಕೂತಿರುತ್ತದೆ. ಬಾಯಿಗಿಟ್ಟ ತಕ್ಷಣ ಕರಗಿ ಚುರುಕ್ಕೆನ್ನುತ್ತದೆ. ಬ್ರೆಡ್ಡಿನ ಉಪ್ಪು ಹಿಟ್ಟಿನ ಒಳಗೆ ಸೇರಿಹೋಗಿದೆ, ಜೊತೆಗೆ ಒಂದಿಷ್ಟು ಸಕ್ಕರೆಯೂ ಇರುತ್ತದೆ. ಹಾಗಾಗಿ ಉಪ್ಪಿದೆ ಎಂಬ ಗುಮಾನಿಯೇ ಬರುವುದಿಲ್ಲ. ರುಚಿ ನೋಡಿ ಉಪ್ಪು ಅಳೆಯುವ ನಮ್ಮ ಅಭ್ಯಾಸ ಸಾರಿಗೆ, ಪಲ್ಯಕ್ಕೆ ಸರಿಹೋಗುತ್ತದೆ. ಪೊಟ್ಟಣದ ತಿಂಡಿಗೆ ಅದು ಸಾಲದು. ಅಲ್ಲಿ ಓದಿಯೇ ತಿಳಿಯಬೇಕು.

ಓದುವುದಕ್ಕೆ ಮುಂಚೆ ಒಂದೇ ಒಂದು ಲೆಕ್ಕ ಗೊತ್ತಿರಲಿ. ಅಡುಗೆ ಉಪ್ಪಿನ ತೂಕದಲ್ಲಿ ಸೋಡಿಯಂ ಸುಮಾರು ನೂರಕ್ಕೆ ನಲವತ್ತು ಭಾಗ, ಉಳಿದದ್ದು ಕ್ಲೋರೈಡ್. ಆದ್ದರಿಂದ ಲೇಬಲ್ ಮೇಲಿನ ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. 400 ಮಿಲಿಗ್ರಾಂ ಸೋಡಿಯಂ ಅಂದರೆ ಒಂದು ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂಗಿಂತ ಕಡಿಮೆ. ಉಪ್ಪಿನ ಲೆಕ್ಕದಲ್ಲಿ ಅದು ಐದು ಗ್ರಾಂ, ತಲೆ ತಟ್ಟಿದ ಒಂದು ಟೀ ಚಮಚ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ತನ್ನ 2020ರ ಲೇಬಲ್ ನಿಯಮಗಳಲ್ಲಿ ಇದೇ 2000ವನ್ನು ಅಳತೆಗೋಲು ಮಾಡಿಕೊಂಡಿದೆ. ಪೊಟ್ಟಣದ ಮೇಲೆ ದಿನದ ಅಗತ್ಯದ ಶೇಕಡಾ ಇಷ್ಟು ಎಂದು ಸೋಡಿಯಂ ಪಕ್ಕ ಅಚ್ಚಾಗಿರುವ ಅಂಕಿ ಇದನ್ನೇ ನೂರು ಎಂದು ಇಟ್ಟುಕೊಂಡು ಹಾಕಿದ್ದು. ‘ಅಗತ್ಯ’ ಅನ್ನುವ ಮಾತು ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ದಿನವೂ ಅಷ್ಟನ್ನು ತಿಂದು ಮುಗಿಸಲೇಬೇಕು ಎಂದಲ್ಲ, ಅದನ್ನು ಮೀರಬಾರದು ಎಂದರ್ಥ.

ನಮ್ಮ ದೇಶದಲ್ಲಿ ಉಪ್ಪಿನ ಬಹುಪಾಲು ಇವತ್ತಿಗೂ ಬರುವುದು ಅಡುಗೆಮನೆಯ ಉಪ್ಪಿನ ಡಬ್ಬಿಯಿಂದಲೇ. ಹುಳಿ, ಚಟ್ನಿ, ಮಜ್ಜಿಗೆ, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ಐದು ಗ್ರಾಂ ಮಿತಿಯನ್ನು ನಾವು ಪೊಟ್ಟಣ ಮುಟ್ಟುವ ಮುಂಚೆಯೇ ದಾಟಿರುತ್ತೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳ ಸಮೀಕ್ಷೆಯೊಂದು ದೊಡ್ಡವರ ಸರಾಸರಿ ಸೇವನೆಯನ್ನು ದಿನಕ್ಕೆ ಎಂಟು ಗ್ರಾಂ ಎಂದು ಅಂದಾಜಿಸಿದೆ. ಹೀಗಾಗಿ ಪೊಟ್ಟಣದ ಉಪ್ಪು ಬರುವುದು ತುಂಬಿದ ಕೊಡದ ಮೇಲೆ. ಬಿ.ಪಿ. ಇದೆ ಎಂದು ಹುಳಿಗೆ ಉಪ್ಪು ಕಡಿಮೆ ಮಾಡಿದವರೂ ಸಂಜೆ ಕಾಫಿ ಜೊತೆ ನಾಲ್ಕು ಹೋಳು ಬ್ರೆಡ್ ತಿನ್ನುತ್ತಾರೆ. ಉಳಿಸಿದ್ದು ಅಲ್ಲಿಗೆ ಹೋಯಿತು.

ಆ ನಾಲ್ಕು ಹೋಳಿನಿಂದಲೇ ಶುರು ಮಾಡೋಣ. ಬ್ರೆಡ್ಡಿಗೆ ಉಪ್ಪು ಹಾಕುವುದು ಬರೀ ರುಚಿಗಲ್ಲ. ಉಪ್ಪು ಮೈದಾ ಹಿಟ್ಟಿನ ಜಿಗುಟನ್ನು ಬಿಗಿಗೊಳಿಸುತ್ತದೆ, ಯೀಸ್ಟ್ ಒಂದೇ ಸಮನೆ ಉಬ್ಬಿ ಹಿಟ್ಟು ಕುಸಿಯದಂತೆ ತಡೆಯುತ್ತದೆ. ಉಪ್ಪು ಮರೆತ ಹಿಟ್ಟು ಕೈಗೆ ಅಂಟುತ್ತದೆ, ಬೇಗ ಉಬ್ಬುತ್ತದೆ, ಬೆಂದ ಮೇಲೆ ಸಪ್ಪೆ. ಹಾಗಾಗಿ ಬೇಕರಿಯವರು ಉಪ್ಪನ್ನು ಬಿಡುವಂತಿಲ್ಲ. ಅವರ ರೂಢಿ ಒಂದು ಕಿಲೋ ಮೈದಾಕ್ಕೆ 18ರಿಂದ 20 ಗ್ರಾಂ. ನೀರು ಸೇರಿ, ಬೆಂದು, ಒಂದಷ್ಟು ಆವಿಯಾಗಿ ಆ ಒಂದು ಕಿಲೋ ಮೈದಾ ಕೊನೆಗೆ ಸುಮಾರು ಒಂದೂವರೆ ಕಿಲೋ ಬ್ರೆಡ್ ಆಗುತ್ತದೆ. ನೂರು ಗ್ರಾಂ ಬ್ರೆಡ್ಡಿನಲ್ಲಿ 1.2ರಿಂದ 1.3 ಗ್ರಾಂ ಉಪ್ಪು, ಅಂದರೆ 500 ಮಿಲಿಗ್ರಾಂ ಆಸುಪಾಸಿನ ಸೋಡಿಯಂ ನಿಂತಿತು.

ಈ ಲೆಕ್ಕ ನನಗೆ ಇಷ್ಟವಾಗುವುದು ಅದು ಲೇಬಲ್ ಇಲ್ಲದ ಕಡೆಯೂ ಕೆಲಸಕ್ಕೆ ಬರುತ್ತದೆ ಎಂಬ ಕಾರಣಕ್ಕೆ. ಬೀದಿ ಕೊನೆಯ ಅಯ್ಯಂಗಾರ್ ಬೇಕರಿಯಲ್ಲಿ ಕಣ್ಣೆದುರೇ ಕೊಯ್ದು ಕಾಗದದಲ್ಲಿ ಸುತ್ತಿ ಕೊಡುವ ಬ್ರೆಡ್ಡಿಗೆ ಯಾವ ಪಟ್ಟಿಯೂ ಇರುವುದಿಲ್ಲ. ಅಲ್ಲಿ ನೂರು ಗ್ರಾಂಗೆ 500 ಎಂದು ಹಿಡಿದುಕೊಂಡರೆ ಹೆಚ್ಚು ತಪ್ಪಾಗದು. ಬನ್, ಪಾವ್ ಕೂಡ ಹೆಚ್ಚುಕಡಿಮೆ ಇದೇ ಸಾಲಿನವು. ಖಾರ ಬನ್ನಿಗೆ ಮೇಲಿಷ್ಟು ಸೇರಿಸಿಕೊಳ್ಳಿ. ಕಂಪನಿಯ ಪೊಟ್ಟಣವಾದರೆ ಅಂದಾಜು ಬೇಕಿಲ್ಲ. 400 ಗ್ರಾಂ ಪೊಟ್ಟಣದಲ್ಲಿ ಹದಿನಾರು ಹೋಳಿದ್ದರೆ ಒಂದು ಹೋಳು 25 ಗ್ರಾಂ, ನಾಲ್ಕು ಹೋಳಿಗೆ ನೂರು. ಆಗ ಪಟ್ಟಿಯ ‘ನೂರು ಗ್ರಾಂಗೆ’ ಎಂಬ ಅಂಕಣದಲ್ಲಿ ಇರುವುದೇ ನಾಲ್ಕು ಹೋಳಿನ ಲೆಕ್ಕ. 480 ಇದ್ದರೆ 1.2 ಗ್ರಾಂ ಉಪ್ಪು, ದಿನದ ಮಿತಿಯ ಕಾಲು ಭಾಗಕ್ಕೆ ಸ್ವಲ್ಪ ಕಡಿಮೆ. ಕಂದು ಬಣ್ಣದ ಬ್ರೆಡ್, ಗೋಧಿ ಬ್ರೆಡ್, ಮಲ್ಟಿಗ್ರೇನ್ ಎಂದು ಹೆಚ್ಚು ದುಡ್ಡು ಕೊಟ್ಟು ತಂದವುಗಳಲ್ಲಿ ನಾರಿನಂಶ ಹೆಚ್ಚಿರಬಹುದು. ಉಪ್ಪು ಮಾತ್ರ ಬಿಳಿ ಬ್ರೆಡ್ಡಿನಷ್ಟೇ ಇರುವುದುಂಟು, ಕೆಲವು ಸಲ ಹೆಚ್ಚೂ ಇರುತ್ತದೆ. ಎರಡು ಪೊಟ್ಟಣ ಅಕ್ಕಪಕ್ಕ ಹಿಡಿದು ನೂರು ಗ್ರಾಂ ಅಂಕಣ ಹೋಲಿಸದೆ ಹೇಳುವಂತಿಲ್ಲ.

ಉಪ್ಪು ಇಲ್ಲದೆ ಬ್ರೆಡ್ ಆಗದು ಎಂಬುದು ನಿಜ, ಆದರೆ ಇಷ್ಟೇ ಬೇಕು ಎಂಬುದು ಪೂರ್ತಿ ನಿಜವಲ್ಲ. ದಕ್ಷಿಣ ಆಫ್ರಿಕಾ 2016ರಲ್ಲಿ ಬ್ರೆಡ್ಡಿನ ಸೋಡಿಯಂಗೆ ಕಾನೂನಿನಲ್ಲೇ ಮಿತಿ ಹಾಕಿತು: ನೂರು ಗ್ರಾಂಗೆ 400 ಮಿಲಿಗ್ರಾಂ. 2019ರಲ್ಲಿ ಅದನ್ನು 380ಕ್ಕೆ ಇಳಿಸಿತು. ಅಲ್ಲಿಯ ಬೇಕರಿಗಳೇನೂ ಬಾಗಿಲು ಮುಚ್ಚಲಿಲ್ಲ. ಅಂಗಡಿಯಲ್ಲಿ 380ರ ಆಸುಪಾಸಿನ ಬ್ರೆಡ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಬಹುದು.

ಬ್ರೆಡ್ಡನ್ನು ಬರಿದಾಗಿ ತಿನ್ನುವವರು ಕಡಿಮೆ, ಅದು ಇನ್ನೊಂದು ಕಥೆ. ಉಪ್ಪು ಬೆಣ್ಣೆ, ಒಂದು ಹೋಳು ಪ್ರೊಸೆಸ್ಡ್ ಚೀಸ್, ಮೇಲೊಂದು ಚಮಚ ಟೊಮೆಟೊ ಸಾಸ್. ಚೀಸ್ ಹೋಳೊಂದರಲ್ಲೇ ಎರಡು ಹೋಳು ಬ್ರೆಡ್ಡಿನಷ್ಟು ಸೋಡಿಯಂ ಇರುವುದು ಸಾಮಾನ್ಯ. ಚೀಸನ್ನು ಕರಗಿಸಿ ಒಂದೇ ಹದಕ್ಕೆ ತರಲು ಉಪ್ಪಿನ ಜೊತೆಗೆ ಸೋಡಿಯಂನ ಬೇರೆ ಲವಣಗಳನ್ನೂ ಸೇರಿಸಿರುತ್ತಾರೆ. ಮಕ್ಕಳ ಡಬ್ಬಿಗೆ ಹಾಕುವ ಒಂದು ಸ್ಯಾಂಡ್‌ವಿಚ್ಚು ಹೀಗೆ 600–700 ಮಿಲಿಗ್ರಾಂ ಮುಟ್ಟಿಬಿಡುತ್ತದೆ. ಮಕ್ಕಳ ಮಿತಿ ದೊಡ್ಡವರಿಗಿಂತ ಕಡಿಮೆ ಎಂಬುದನ್ನೂ ಮರೆಯುವಂತಿಲ್ಲ.

ನೂಡಲ್ಸ್ ವಿಷಯಕ್ಕೆ ಬಂದರೆ ಉಪ್ಪಿದೆ ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಮತ್ತು ಎಲ್ಲಿ ಎಂಬುದೇ ಗೊತ್ತಿಲ್ಲದ್ದು. 2015ರಲ್ಲಿ ದೇಶವಿಡೀ ನೂಡಲ್ಸ್ ಗಲಾಟೆ ನಡೆದಾಗ ಮಾತೆಲ್ಲ ಸೀಸ ಮತ್ತು ಟೇಸ್ಟಿಂಗ್ ಪೌಡರ್ ಸುತ್ತಲೇ ತಿರುಗಿತು. ಪೊಟ್ಟಣದ ಮೇಲೆ ಬಹಿರಂಗವಾಗಿಯೇ ಅಚ್ಚಾಗಿದ್ದ ಸೋಡಿಯಂ ಕಡೆ ಹೆಚ್ಚಿನವರು ನೋಡಲಿಲ್ಲ.

ಒಂದು ಪೊಟ್ಟಣವನ್ನು ಓದಿ ನೋಡೋಣ. ತೂಕ 70 ಗ್ರಾಂ. ಪಟ್ಟಿಯಲ್ಲಿ ಸೋಡಿಯಂ ನೂರು ಗ್ರಾಂಗೆ 1250 ಮಿಲಿಗ್ರಾಂ ಎಂದಿದೆ ಎಂದಿಟ್ಟುಕೊಳ್ಳಿ. ಪಕ್ಕದ ಅಂಕಣದಲ್ಲಿ ‘ಒಂದು ಸರ್ವಿಂಗ್ 35 ಗ್ರಾಂ, ದಿನದ ಶೇ. 22’ ಎಂದಿದೆ. ಅವಸರದಲ್ಲಿ ನೋಡಿದವರು ಇಪ್ಪತ್ತೆರಡೇ ತಾನೆ ಎಂದು ಪೊಟ್ಟಣವನ್ನು ಬುಟ್ಟಿಗೆ ಹಾಕುತ್ತಾರೆ. ಆದರೆ ಅರ್ಧ ಪೊಟ್ಟಣ ಬೇಯಿಸಿ ಇನ್ನರ್ಧ ಎತ್ತಿಡುವವರನ್ನು ನಾನಂತೂ ಕಂಡಿಲ್ಲ. ಸರ್ವಿಂಗ್ ಅಂದರೆ ಎಷ್ಟು ಎಂದು ತೀರ್ಮಾನಿಸಿದ್ದು ಕಂಪನಿ, ತಟ್ಟೆಗೆ ಎಷ್ಟು ಬಿತ್ತು ಎಂಬುದು ನಮಗೆ ಗೊತ್ತು. ಆದ್ದರಿಂದ ಶೇಕಡಾ ಅಂಕಣವನ್ನು ಪಕ್ಕಕ್ಕಿಟ್ಟು, ನೂರು ಗ್ರಾಂ ಅಂಕಣದ 1250ನ್ನು 0.7ರಿಂದ ಗುಣಿಸಿದರೆ 875 ಮಿಲಿಗ್ರಾಂ. ಎರಡೂವರೆಯಿಂದ ಗುಣಿಸಿದರೆ ಸುಮಾರು 2.2 ಗ್ರಾಂ ಉಪ್ಪು. ದಿನದ ಮಿತಿಯ ಅರ್ಧಕ್ಕೆ ಸ್ವಲ್ಪ ಕಡಿಮೆ, ಒಂದೇ ಬಟ್ಟಲಲ್ಲಿ. ಸಂಜೆ ಹಸಿವಿಗೆ ಎರಡು ಪೊಟ್ಟಣ ಬೇಯಿಸಿಕೊಳ್ಳುವ ಹಾಸ್ಟೆಲ್ ಹುಡುಗರ ಲೆಕ್ಕ ಅವರೇ ಮಾಡಿಕೊಳ್ಳಲಿ.

ಈ ಉಪ್ಪೆಲ್ಲ ಮಸಾಲೆಯ ಪುಟ್ಟ ಪೊಟ್ಟಣದಲ್ಲಿದೆ, ಅದನ್ನು ಅರ್ಧ ಹಾಕಿದರೆ ಅರ್ಧ ಉಪ್ಪು ಕಡಿಮೆಯಾಯಿತು ಎಂಬ ನಂಬಿಕೆ ಮನೆಮನೆಯಲ್ಲಿದೆ. ಸಾಮಗ್ರಿಗಳ ಪಟ್ಟಿ ಓದಿದರೆ ಅದು ಅರ್ಧ ಸತ್ಯ ಎಂದು ತಿಳಿಯುತ್ತದೆ. ಹಲವು ಪೊಟ್ಟಣಗಳಲ್ಲಿ ನೂಡಲ್ಸ್ ಬಿಲ್ಲೆಗೊಂದು ಪಟ್ಟಿ, ಮಸಾಲೆಗೊಂದು ಪಟ್ಟಿ ಬೇರೆಬೇರೆಯಾಗಿಯೇ ಇರುತ್ತದೆ, ಉಪ್ಪು ಎರಡರಲ್ಲೂ ಕಾಣುತ್ತದೆ. ಹಿಟ್ಟು ಕಲಸುವಾಗಲೇ ನೂರು ಗ್ರಾಂ ಮೈದಾಕ್ಕೆ ಒಂದೆರಡು ಗ್ರಾಂ ಉಪ್ಪು ಬಿದ್ದಿರುತ್ತದೆ. ಎಳೆ ಜಿಗಿಯಾಗಿ ನಿಲ್ಲಲಿ ಎಂದು ಸೇರಿಸುವ ಕ್ಷಾರ ಲವಣಗಳಲ್ಲೂ ಕೆಲವು ಸೋಡಿಯಂನವೇ. ನಮ್ಮ 70 ಗ್ರಾಂ ಉದಾಹರಣೆಯಲ್ಲಿ 2.2 ಗ್ರಾಂ ಪೈಕಿ ಒಂದು ಗ್ರಾಂನಷ್ಟು ಬಿಲ್ಲೆಯೊಳಗೇ ಇದ್ದರೆ, ಮಸಾಲೆ ಅರ್ಧ ಹಾಕಿದಾಗ ಉಳಿಯುವುದು 0.6 ಗ್ರಾಂ. ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅರ್ಧವಂತೂ ಅಲ್ಲ. ಬಿಲ್ಲೆಯನ್ನು ಹೆಚ್ಚು ನೀರಲ್ಲಿ ಬೇಯಿಸಿ, ಆ ನೀರು ಬಸಿದು, ಆಮೇಲೆ ಮಸಾಲೆ ಅರ್ಧ ಕಲಸಿದರೆ ಒಳಗಿನ ಉಪ್ಪಿನಲ್ಲೂ ಒಂದಿಷ್ಟು ನೀರಿನ ಜೊತೆ ಹೋಗುತ್ತದೆ. ತರಕಾರಿ ಹಾಕಿದರೆ ಒಳ್ಳೆಯದು, ಆದರೆ ತರಕಾರಿಗೆಂದು ಮತ್ತೊಂದು ಚಿಟಿಕೆ ಉಪ್ಪು ಉದುರಿಸುವ ಕೈ ತಡೆಯುವುದು ಕಷ್ಟ.

ಪಟ್ಟಿಯ ಕೊನೆಯಲ್ಲಿ ಬರುವ ಅಂಕಿಗಳ ಸಾಲು ಓದುಗರನ್ನು ಹೆದರಿಸುತ್ತದೆ. 621 ಎಂದರೆ ಟೇಸ್ಟಿಂಗ್ ಪೌಡರ್, ಮೊನೊಸೋಡಿಯಂ ಗ್ಲುಟಮೇಟ್. 627, 631, 635 ಅದರ ಜೊತೆಗಾರರು. 500 ಎಂದಿದ್ದರೆ ಸೋಡಿಯಂನ ಕಾರ್ಬೊನೇಟುಗಳು, ನಮ್ಮ ಅಡುಗೆ ಸೋಡಾ ಅದೇ ಮನೆಯದು. ಇವೆಲ್ಲದರಲ್ಲೂ ಸೋಡಿಯಂ ಇದೆ. ಹಾಗೆಂದು ಇವನ್ನು ಪ್ರತ್ಯೇಕವಾಗಿ ಕೂಡಿಸುತ್ತ ಕೂರಬೇಕಿಲ್ಲ. ಪೋಷಕಾಂಶ ಪಟ್ಟಿಯ ಸೋಡಿಯಂ ಅಂಕಿ ಎಲ್ಲ ಮೂಲಗಳನ್ನೂ ಸೇರಿಸಿದ ಒಟ್ಟು ಮೊತ್ತ. ಇನ್ನೊಂದು ವಿಷಯ, ಟೇಸ್ಟಿಂಗ್ ಪೌಡರ್‌ನಲ್ಲಿ ಸೋಡಿಯಂ ತೂಕದ ಶೇ. 12ರಷ್ಟು ಮಾತ್ರ, ಉಪ್ಪಿನಲ್ಲಿ ಇರುವುದರ ಮೂರನೇ ಒಂದು ಭಾಗಕ್ಕೂ ಕಡಿಮೆ. ಅದಕ್ಕೆ ಹೆದರಿ ‘ಅದು ಹಾಕಿಲ್ಲ’ ಎಂಬ ಪೊಟ್ಟಣ ಹುಡುಕಿ ತಂದು, ಅದರಲ್ಲಿರುವ ಉಪ್ಪಿನ ಅಂಕಿ ನೋಡದೆ ಇರುವುದು ನನಗೆ ಅರ್ಥವಾಗದ ಜಾಣತನ.

ರೆಡಿ ಮಸಾಲೆಗಳಲ್ಲಿ ಸಿಕ್ಕು ಹೆಚ್ಚು. ಮೊದಲು ಎರಡು ಜಾತಿಯನ್ನು ಬೇರೆ ಮಾಡಿಕೊಳ್ಳಬೇಕು. ಸಾರಿನ ಪುಡಿ, ಹುಳಿ ಪುಡಿ, ವಾಂಗಿಬಾತ್ ಪುಡಿಯಂಥವು ಮಸಾಲೆ ಪುಡಿಗಳು. ಉಪ್ಪು ನಾವೇ ಹಾಕಿಕೊಳ್ಳಬೇಕೆಂದು ಮಾಡಿದವು, ಹಲವದರಲ್ಲಿ ಉಪ್ಪು ಇರುವುದೇ ಇಲ್ಲ ಅಥವಾ ಸ್ವಲ್ಪವೇ ಇರುತ್ತದೆ. ಇನ್ನೊಂದು ಜಾತಿ ‘ಅನ್ನಕ್ಕೆ ಕಲಸಿದರೆ ಆಯಿತು’ ಎನ್ನುವ ಮಿಕ್ಸ್‌ಗಳು. ಪುಳಿಯೋಗರೆ ಮಿಕ್ಸ್, ಪುಲಾವ್ ಮಿಕ್ಸ್, ಗ್ರೇವಿ ಮಿಕ್ಸ್, ಬಿಸಿನೀರಿಗೆ ಹಾಕುವ ಸಾರು. ಇವುಗಳಲ್ಲಿ ಇಡೀ ಅಡುಗೆಗೆ ಬೇಕಾದ ಉಪ್ಪನ್ನು ಒಂದೆರಡು ಚಮಚ ಪುಡಿಯೊಳಗೆ ತುಂಬಬೇಕು. ಹಾಗಾಗಿ ನೂರು ಗ್ರಾಂಗೆ ನಾಲ್ಕೈದು ಸಾವಿರ ಮಿಲಿಗ್ರಾಂ ಸೋಡಿಯಂ ಕಂಡರೆ ಅಚ್ಚುತಪ್ಪು ಎಂದುಕೊಳ್ಳಬೇಡಿ. ಕೆಲವು ಲೇಬಲ್‌ಗಳು ಮಿಲಿಗ್ರಾಂ ಬಿಟ್ಟು ಗ್ರಾಂನಲ್ಲಿ ಬರೆದಿರುತ್ತವೆ, 5.6 ಎಂದು ಕಂಡು ಸಮಾಧಾನಪಡುವ ಮುಂಚೆ ಆ ಅಳತೆಯನ್ನೊಮ್ಮೆ ನೋಡಬೇಕು.

ಕೆಲವು ಮಸಾಲೆ ಪೊಟ್ಟಣಗಳಲ್ಲಿ ಪೋಷಕಾಂಶದ ಪಟ್ಟಿಯೇ ಇರುವುದಿಲ್ಲ. ಬರೀ ಮಸಾಲೆ ಪದಾರ್ಥಗಳಿಗೆ, ಅವುಗಳ ಮಿಶ್ರಣಕ್ಕೆ ನಿಯಮದಲ್ಲೇ ವಿನಾಯಿತಿ ಇದೆ. ತೀರಾ ಸಣ್ಣ ಪೊಟ್ಟಣಗಳಿಗೂ ಜಾಗ ಸಾಲದು ಎಂಬ ಕಾರಣಕ್ಕೆ ವಿನಾಯಿತಿ ಉಂಟು, ಆ ವಿವರ ಹೊರಗಿನ ದೊಡ್ಡ ಪೊಟ್ಟಣದ ಮೇಲಿರುತ್ತದೆ. ಅಂಕಿ ಇಲ್ಲದ ಕಡೆ ಸಾಮಗ್ರಿಗಳ ಪಟ್ಟಿಯೇ ಆಧಾರ, ಮತ್ತು ಅದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಹೇಳುತ್ತದೆ. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬುದು ಕಾನೂನು. ಜೊತೆಗೆ ಕೆಲವು ಪದಾರ್ಥಗಳ ಪಕ್ಕ ಶೇಕಡಾವಾರು ಅಚ್ಚಾಗಿರುತ್ತದೆ. ಈ ಎರಡನ್ನೂ ಸೇರಿಸಿದರೆ ಉಪ್ಪನ್ನು ಇಕ್ಕಳದಲ್ಲಿ ಹಿಡಿದ ಹಾಗೆ ಹಿಡಿಯಬಹುದು.

ಒಂದು ಪುಳಿಯೋಗರೆ ಮಿಕ್ಸ್‌ನ ಪಟ್ಟಿ ಹೀಗಿದೆ ಎಂದುಕೊಳ್ಳಿ: ಹುಣಸೆಹಣ್ಣು ಶೇ. 22, ಉಪ್ಪು, ಬೆಲ್ಲ, ಕೊತ್ತಂಬರಿ ಬೀಜ ಶೇ. 11, ಒಣಮೆಣಸಿನಕಾಯಿ ಶೇ. 8, ಎಳ್ಳು, ಕೊಬ್ಬರಿ, ಮೆಂತ್ಯ, ಇಂಗು. ಉಪ್ಪಿನ ಪಕ್ಕ ಅಂಕಿಯಿಲ್ಲ. ಆದರೆ ಅದು ಹುಣಸೆಹಣ್ಣಿನ ನಂತರ ಬಂದಿದೆ, ಹಾಗಾಗಿ ಶೇ. 22ಕ್ಕಿಂತ ಹೆಚ್ಚಿರಲಾರದು. ಕೊತ್ತಂಬರಿಗಿಂತ ಮೊದಲು ಬಂದಿದೆ, ಹಾಗಾಗಿ ಶೇ. 11ಕ್ಕಿಂತ ಕಡಿಮೆ ಇರಲಾರದು. ನೂರು ಗ್ರಾಂ ಪುಡಿಯಲ್ಲಿ ಕನಿಷ್ಠ 11 ಗ್ರಾಂ ಉಪ್ಪು! ಒಬ್ಬರ ಅನ್ನಕ್ಕೆ 20 ಗ್ರಾಂ ಪುಡಿ ಕಲಸಿದರೆ ಕನಿಷ್ಠ 2.2 ಗ್ರಾಂ ಉಪ್ಪು ತಟ್ಟೆಗೆ ಬಂತು, ನೂಡಲ್ಸ್ ಬಟ್ಟಲಿನಷ್ಟೇ. ಗರಿಷ್ಠದ ಕಡೆ ಹೋದರೆ 4.4. ಅನ್ನ ಮಾಡುವಾಗಲೇ ಉಪ್ಪು ಹಾಕುವ ಮನೆಯಾದರೆ ಅದೂ ಸೇರಿತು. ಮಿಕ್ಸ್ ಕಲಸುವ ದಿನ ಅನ್ನಕ್ಕೆ ಉಪ್ಪು ಬೇಡ, ಪುಡಿ ಹೇಳಿದ್ದರ ಮುಕ್ಕಾಲು ಸಾಕು, ಕಡಿಮೆಯಾದ ಹುಳಿಗೆ ಒಂದಿಷ್ಟು ಹುಣಸೆ ಕಿವುಚಿ ಹಾಕಿಕೊಂಡು, ಕಡಲೆಕಾಯಿ ಬೀಜ, ಕರಿಬೇವಿನ ಒಗ್ಗರಣೆ ಧಾರಾಳವಾಗಿ ಕೊಟ್ಟರೆ ರುಚಿಗೇನೂ ಕೊರತೆಯಾಗದು.

ಈ ಇಕ್ಕಳದಿಂದ ಉಪ್ಪು ನುಣುಚಿಕೊಳ್ಳುವುದೂ ಉಂಟು. ಅಯೋಡಿನ್ ಉಪ್ಪು, ಕಪ್ಪುಪ್ಪು, ಸೈಂಧವ ಲವಣ ಎಂದು ಮೂರು ಹೆಸರಲ್ಲಿ ಹಂಚಿ ಬರೆದಾಗ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಚಾಟ್ ಮಸಾಲೆಯಂಥವುಗಳಲ್ಲಿ ಇದು ಕಣ್ಣಿಗೆ ಬೀಳುತ್ತದೆ. ಅಲ್ಲಿ ಕಪ್ಪುಪ್ಪು ರುಚಿಗೇ ಬೇಕು, ಮೋಸವೆನ್ನಲಾಗದು. ಆದರೆ ದೇಹದ ಮಟ್ಟಿಗೆ ಮೂರೂ ಬಹುಪಾಲು ಸೋಡಿಯಂ ಕ್ಲೋರೈಡೇ. ಸೈಂಧವ ಲವಣ ಹಾಕಿದ್ದೇವೆ ಎಂಬ ಹೊಗಳಿಕೆಯಿಂದ ಸೋಡಿಯಂ ಅಂಕಿ ಇಳಿಯುವುದಿಲ್ಲ.

ನೂರು ಗ್ರಾಂ ಅಂಕಣದಲ್ಲಿ ಎಷ್ಟಿದ್ದರೆ ಕಡಿಮೆ, ಎಷ್ಟಿದ್ದರೆ ಹೆಚ್ಚು? ಭಾರತದ ನಿಯಮದಂತೆ ಘನ ಆಹಾರಕ್ಕೆ ‘ಸೋಡಿಯಂ ಕಡಿಮೆ’ ಎಂದು ಹೇಳಿಕೊಳ್ಳಬೇಕಾದರೆ ನೂರು ಗ್ರಾಂಗೆ 120 ಮಿಲಿಗ್ರಾಂ ಮೀರಬಾರದು. ಬ್ರಿಟನ್ನಿನಲ್ಲಿ ಪೊಟ್ಟಣದ ಮುಂಬದಿಗೆ ಬಣ್ಣ ಹಚ್ಚುವ ಪದ್ಧತಿಯಲ್ಲಿ 600 ದಾಟಿದರೆ ಕೆಂಪು. ಬ್ರೆಡ್ಡು ಈ ಎರಡರ ನಡುವೆ ಬೀಳುತ್ತದೆ, ನೂಡಲ್ಸ್ ಕೆಂಪಿನ ಒಳಗೆ. ಮಿಕ್ಸ್ ಪುಡಿಗೆ ಈ ಗೆರೆ ಹಾಕುವುದು ನ್ಯಾಯವಲ್ಲ, ನೂರು ಗ್ರಾಂ ಪುಡಿಯನ್ನು ಯಾರೂ ಒಂದು ಹೊತ್ತಿಗೆ ತಿನ್ನುವುದಿಲ್ಲ. ಅಲ್ಲಿ ತಟ್ಟೆಗೆ ಬಿದ್ದ ಗ್ರಾಂ ಲೆಕ್ಕವೇ ಲೆಕ್ಕ. ಮನೆಯಲ್ಲಿ ಸಣ್ಣ ತಕ್ಕಡಿ ಇದ್ದರೆ ನಿಮ್ಮ ಚಮಚದಲ್ಲಿ ಎಷ್ಟು ಪುಡಿ ಹಿಡಿಯುತ್ತದೆ ಎಂದು ಒಮ್ಮೆ ತೂಗಿ ಇಟ್ಟುಕೊಂಡರೆ ಸಾಕು.

ಲಂಡನ್ನಿನಲ್ಲೋ ಜರ್ಮನಿಯಲ್ಲೋ ಇರುವ ಮಕ್ಕಳ ಮನೆಗೆ ಹೋದವರು ಅಲ್ಲಿಯ ಪೊಟ್ಟಣ ನೋಡಿ ಗಲಿಬಿಲಿಗೊಳ್ಳುವುದು ಬೇರೆ ಕಾರಣಕ್ಕೆ. ಬ್ರಿಟನ್ ಮತ್ತು ಯುರೋಪಿನ ಒಕ್ಕೂಟದಲ್ಲಿ ಪಟ್ಟಿಯಲ್ಲಿ ಬರೆಯುವುದು ಉಪ್ಪಿನ ಗ್ರಾಂ. ಭಾರತದಲ್ಲಿ, ಅಮೆರಿಕದಲ್ಲಿ ಸೋಡಿಯಂ ಮಿಲಿಗ್ರಾಂ. ಅಲ್ಲಿಯ ಬ್ರೆಡ್ಡಿನಲ್ಲಿ 1.0 ಎಂದೂ ಇಲ್ಲಿಯದರಲ್ಲಿ 480 ಎಂದೂ ಕಂಡರೆ ವ್ಯತ್ಯಾಸ ಅಗಾಧ ಎನಿಸುತ್ತದೆ. ಎರಡೂವರೆಯಿಂದ ಭಾಗಿಸಿದರೆ ಅಲ್ಲಿಯದು 400 ಮಿಲಿಗ್ರಾಂ ಸೋಡಿಯಂ ಅಷ್ಟೆ.

ಇತ್ತೀಚೆಗೆ ಕೆಲವು ಪಟ್ಟಿಗಳಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಹೆಸರೋ 508 ಎಂಬ ಅಂಕಿಯೋ ಕಾಣುತ್ತದೆ. ಉಪ್ಪಿನ ಒಂದು ಭಾಗವನ್ನು ಅದರಿಂದ ತುಂಬಿದರೆ ಸೋಡಿಯಂ ಇಳಿಯುತ್ತದೆ, ಉಪ್ಪಿನ ರುಚಿ ಬಹುಮಟ್ಟಿಗೆ ಉಳಿಯುತ್ತದೆ, ಹೆಚ್ಚಾದರೆ ಕೊಂಚ ಕಹಿ. ಹೆಚ್ಚಿನವರಿಗೆ ಇದು ಒಳ್ಳೆಯ ಬದಲಾವಣೆಯೇ. ಮೂತ್ರಪಿಂಡದ ತೊಂದರೆ ಇರುವವರಿಗೆ ಮತ್ತು ದೇಹದಲ್ಲಿ ಪೊಟ್ಯಾಸಿಯಂ ಉಳಿಸುವ ಬಗೆಯ ಬಿ.ಪಿ. ಮಾತ್ರೆ ನುಂಗುವವರಿಗೆ ಮಾತ್ರ ಹಾಗಲ್ಲ. ಅವರ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಏರುಪೇರಾಗಬಹುದು. ಅಂಥವರು ‘ಲೋ ಸೋಡಿಯಂ’ ಎಂದು ಮುಂಬದಿಯಲ್ಲಿ ಅಚ್ಚಾದ ಉಪ್ಪನ್ನಾಗಲಿ ಮಿಕ್ಸನ್ನಾಗಲಿ ತರುವ ಮುಂಚೆ ತಮ್ಮ ಡಾಕ್ಟರನ್ನು ಕೇಳಬೇಕು, ಕೇಳುವಾಗ ಆ ಸಾಮಗ್ರಿಗಳ ಪಟ್ಟಿಯನ್ನೂ ತೋರಿಸಬೇಕು.